ಗೀಸರ್ ಕಾಯಿಲ್‌ಗೆ ಕಟ್ಟಿದ ಸುಣ್ಣ: ಎಲ್ಲಿಯವರೆಗೆ ನಿಮ್ಮ ಕೈ, ಎಲ್ಲಿಂದ ಮೆಕ್ಯಾನಿಕ್ ಕೈ

ಹೋದ ಚಳಿಗಾಲದಲ್ಲಿ ನಮ್ಮ ಮನೆಯ ಗೀಸರ್ ಸ್ವಿಚ್ ಹಾಕಿದ ಐದೇ ನಿಮಿಷಕ್ಕೆ ಚಟಪಟ ಎನ್ನತೊಡಗಿತು. ದಾವಣಗೆರೆಯಲ್ಲಿ ಬೆಳೆದವರಿಗೆ ಆ ಸದ್ದನ್ನು ವಿವರಿಸಬೇಕಾಗಿಲ್ಲ. ಮಂಡಕ್ಕಿ ಭಟ್ಟಿಯ ಮುಂದೆ ನಿಂತರೆ ಕೇಳಿಸುವ ಸದ್ದೇ ಅದು. ಅದರ ಜೊತೆಗೆ ಇನ್ನೊಂದು ತೊಂದರೆಯೂ ಸೇರಿಕೊಂಡಿತ್ತು. ಮೊದಲು ಇಬ್ಬರ ಸ್ನಾನಕ್ಕೆ ಸಾಕಾಗುತ್ತಿದ್ದ ಬಿಸಿನೀರು ಒಬ್ಬರಿಗೇ ಮುಗಿಯುತ್ತಿತ್ತು. ಅದು 15 ಲೀಟರ್‌ನ, 2000 ವ್ಯಾಟ್‌ನ, ಗೋಡೆಗೆ ನೇತುಹಾಕುವ ಸಾಮಾನ್ಯ ಗೀಸರ್. ಹಾಕಿಸಿ ಆರು ವರ್ಷವಾಗಿತ್ತು, ಒಮ್ಮೆಯೂ ಬಿಚ್ಚಿರಲಿಲ್ಲ.

ನಮ್ಮ ಬೀದಿಯ ಬಹುತೇಕ ಮನೆಗಳಂತೆ ನಮ್ಮಲ್ಲೂ ಎರಡು ನೀರು. ತುಂಗಭದ್ರಾ ಹೊಳೆ ಮತ್ತು ಭದ್ರಾ ನಾಲೆಯಿಂದ ಬರುವ ನಲ್ಲಿ ನೀರನ್ನು ಕುಡಿಯಲು, ಅಡುಗೆಗೆ ಹಿಡಿದಿಡುತ್ತೇವೆ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು. ಚಿತ್ರದುರ್ಗದ ನಮ್ಮ ಅಕ್ಕನ ಮನೆಯಲ್ಲೂ ಹೀಗೆಯೇ: ಶಾಂತಿಸಾಗರದಿಂದ ಬರುವ ನೀರು ಒಲೆಗೆ, ಬೋರ್ ನೀರು ಬಚ್ಚಲಿಗೆ. ಅಂದರೆ ಅತ್ಯಂತ ಗಡಸಾದ ನೀರನ್ನು ನಾವು ಕಾಯಿಸಲೆಂದೇ ಮೀಸಲಿಡುತ್ತೇವೆ. ಗೀಸರ್‌ಗೆ ಇದಕ್ಕಿಂತ ಕೆಟ್ಟ ವ್ಯವಸ್ಥೆ ಇಲ್ಲ.

ಸುಣ್ಣ ಎಲ್ಲಿಂದ ಬರುತ್ತದೆ

ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ನೀರು ತಣ್ಣಗಿರುವಾಗ ಅದು ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸುಣ್ಣದ ಕಲ್ಲು. ಎಲ್ಲಕ್ಕಿಂತ ಬಿಸಿಯಾದ ಜಾಗ ಕಾಯಿಲ್‌ನ ಮೈ. ಹಾಗಾಗಿ ಮೊದಲ ಪದರ ಅಲ್ಲಿಯೇ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್ ನೀರು 500 ಇದೆ, ದಿನಕ್ಕೆ 40 ಲೀಟರ್ ಕಾಯಿಸುತ್ತೀರಿ ಎಂದು ಇಟ್ಟುಕೊಳ್ಳಿ. ದಿನವೂ 20 ಗ್ರಾಂ ಸುಣ್ಣದಷ್ಟು ಅಂಶ ಗೀಸರ್ ಒಳಗೆ ಹೋಗಿ ಬರುತ್ತದೆ. ಅದರಲ್ಲಿ ಇಪ್ಪತ್ತರಲ್ಲಿ ಒಂದು ಭಾಗ ಒಳಗೇ ನಿಂತರೂ ವರ್ಷಕ್ಕೆ ಮುನ್ನೂರೈವತ್ತು ಗ್ರಾಂ ದಾಟುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ದುಪ್ಪಟ್ಟಾಗುತ್ತದೆ ಎಂದು ಹೇಳುವವರಿದ್ದಾರೆ. ಕಾಯಿಲ್ ಇರುವುದು ನೀರಿನ ಒಳಗೆ. ಅದು ಹುಟ್ಟಿಸಿದ ಶಾಖಕ್ಕೆ ನೀರನ್ನು ಬಿಟ್ಟು ಹೋಗಲು ಬೇರೆ ದಾರಿ ಇಲ್ಲ; ತಡವಾಗಿಯಾದರೂ ಅದು ನೀರಿಗೇ ಸೇರುತ್ತದೆ. ನಿಜವಾದ ನಷ್ಟ ಬೇರೆ ಎರಡು. ಒಂದು, ಪದರದ ಕೆಳಗೆ ಕಾಯಿಲ್‌ನ ಲೋಹ ಅತಿಯಾಗಿ ಕಾದು, ಬಿರುಕು ಬಿಟ್ಟು ಸುಟ್ಟುಹೋಗುತ್ತದೆ. ಬಿರುಕಿನ ಮೂಲಕ ನೀರಿಗೆ ವಿದ್ಯುತ್ ಹರಿಯಬಹುದು. ಎರಡು, ಕಾಯಿಲ್ ಮತ್ತು ಅದರ ಪಕ್ಕದ ಥರ್ಮೋಸ್ಟಾಟ್ ನಳಿಗೆಯ ನಡುವೆ ಸುಣ್ಣ ಸೇತುವೆಯಂತೆ ಬೆಳೆದರೆ, ನೀರು ಕಾಯುವ ಮೊದಲೇ ಥರ್ಮೋಸ್ಟಾಟ್‌ಗೆ ಬಿಸಿ ತಾಗಿ ಅದು ವಿದ್ಯುತ್ತನ್ನು ಕಡಿದುಬಿಡುತ್ತದೆ. ನಮ್ಮ ಮನೆಯಲ್ಲಿ ಬಿಸಿನೀರು ಬೇಗ ಮುಗಿಯುತ್ತಿದ್ದದ್ದು ಇದೇ ಕಾರಣಕ್ಕೆ.

ಬಿಚ್ಚುವ ಮೊದಲು ಗಡಿಯಾರ ನೋಡಿ

ಇದಕ್ಕೆ ಯಾವ ಸಲಕರಣೆಯೂ ಬೇಡ. ಬೆಳಿಗ್ಗೆ ಗೀಸರ್ ಪೂರ್ತಿ ತಣ್ಣಗಿರುವಾಗ ಸ್ವಿಚ್ ಹಾಕಿ, ಕಾಯಿಸುತ್ತಿರುವುದನ್ನು ತೋರಿಸುವ ದೀಪ ಆರುವವರೆಗೆ ಎಷ್ಟು ನಿಮಿಷವಾಯಿತು ಎಂದು ಬರೆದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ನಲ್ಲಿ ತಿರುಗಿಸಬೇಡಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 2000 ವ್ಯಾಟ್‌ಗೆ ಸುಮಾರು 18 ನಿಮಿಷ ಬೇಕು. ನಮ್ಮದು 9 ನಿಮಿಷಕ್ಕೇ ಆರಿತು. ಹೀಗೆ ಬೇಗ ಆರಿ, ನೀರು ಉಗುರುಬೆಚ್ಚಗೇ ಉಳಿದು, ಚಟಪಟ ಸದ್ದೂ ಇದ್ದರೆ ಸುಣ್ಣವೇ ಕಾರಣ ಎಂದು ಬಹುಮಟ್ಟಿಗೆ ಹೇಳಬಹುದು. ಬೇಗ ಆರುತ್ತದೆ ಆದರೆ ಸದ್ದಿಲ್ಲ ಎಂದಾದರೆ ಥರ್ಮೋಸ್ಟಾಟ್ ಕೆಟ್ಟಿರಬಹುದು, ಇಲ್ಲವೇ ಅದರ ತಿರುಗುಗುಂಡಿ ಕಡಿಮೆಯಲ್ಲಿರಬಹುದು. ತುಂಬ ತಡವಾಗಿ ಆರುತ್ತಿದ್ದರೆ ವೋಲ್ಟೇಜ್ ಇಳಿದಿರಬಹುದು: 230ರ ಬದಲು 200 ವೋಲ್ಟ್ ಬಂದರೆ ಅದೇ 18 ನಿಮಿಷದ ಕೆಲಸಕ್ಕೆ 24 ನಿಮಿಷ ಹಿಡಿಯುತ್ತದೆ. ಅದನ್ನು ಸುಣ್ಣದ ತಲೆಗೆ ಕಟ್ಟಬೇಡಿ.

ಇನ್ನು ಕೆಲವು ಲಕ್ಷಣಗಳಿವೆ, ಅವು ಕಂಡರೆ ಈ ಲೇಖನವನ್ನು ಅಲ್ಲಿಗೇ ನಿಲ್ಲಿಸಿ, ಪ್ಲಗ್ ಕಿತ್ತು, ಮೆಕ್ಯಾನಿಕ್‌ಗೆ ಫೋನ್ ಮಾಡಿ. ನಲ್ಲಿ ಮುಟ್ಟಿದಾಗ ಕೈ ಜುಮ್ಮೆನ್ನುವುದು, ಗೀಸರ್ ಹಾಕಿದ ಕೂಡಲೇ ಎಂಸಿಬಿ ಅಥವಾ ಆರ್‌ಸಿಸಿಬಿ ಬೀಳುವುದು, ಗೀಸರ್‌ನ ತಳದ ಮುಚ್ಚಳದಿಂದ ನೀರು ತೊಟ್ಟಿಕ್ಕುವುದು, ಪ್ಲಗ್ ಅಥವಾ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿರುವುದು. ಬಿದ್ದ ಸ್ವಿಚ್ಚನ್ನು ಮತ್ತೆ ಮತ್ತೆ ಎತ್ತಿ ನೋಡುವುದಂತೂ ಬೇಡವೇ ಬೇಡ. ಒಂದು ವಿನಾಯಿತಿ: ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ನಾಲ್ಕಾರು ಹನಿ ಬೀಳುವುದು ಸಹಜ. ಬಿಸಿಯಾದ ನೀರು ಹಿಗ್ಗುತ್ತದೆ, ಆ ಒತ್ತಡ ಅಲ್ಲಿಂದ ಹೊರಗೆ ಹೋಗುತ್ತದೆ. ಆ ತೂತನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ನಿಮ್ಮ ಕೈಯ ಕೆಲಸ: ಟ್ಯಾಂಕ್ ಖಾಲಿ ಮಾಡಿ ತೊಳೆಯುವುದು

ನಾನು ಹಾಕಿಕೊಂಡ ಗೆರೆ ಇಷ್ಟು: ಗೀಸರ್‌ನ ಹೊರಗಿನ ನೀರಿನ ಕೆಲಸ ಮನೆಯವರದು, ತಳದ ಮುಚ್ಚಳದ ಒಳಗಿನ ಕೆಲಸ ಮೆಕ್ಯಾನಿಕ್‌ನದು. ಯಾಕೆಂದರೆ ಆ ಮುಚ್ಚಳದ ಒಳಗೆ ವೈರು, ಅರ್ತಿಂಗ್, ನೀರು ಮೂರೂ ಒಂದು ಗೇಣಿನೊಳಗೆ ಇರುತ್ತವೆ.

ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನು ಸಾಕೆಟ್‌ನಿಂದ ಕಿತ್ತು ಕಣ್ಣಿಗೆ ಕಾಣುವಂತೆ ತೂಗಬಿಡಿ. ಸ್ವಿಚ್ ಆರಿಸಿದರೆ ಸಾಲದು. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ಫೇಸ್‌ನ ಬದಲು ನ್ಯೂಟ್ರಲ್ ಕಡಿಯುವಂತೆ ಕೂಡಿಸಿದ್ದರೆ, ಸ್ವಿಚ್ ಆರಿದ್ದರೂ ಕಾಯಿಲ್‌ಗೆ ವಿದ್ಯುತ್ ಬರುತ್ತಲೇ ಇರುತ್ತದೆ. ಪ್ಲಗ್ ಇಲ್ಲದೆ ನೇರವಾಗಿ ಗೋಡೆಗೆ ವೈರ್ ಹೋಗಿದ್ದರೆ ತೊಳೆಯುವ ಕೆಲಸವನ್ನೂ ಎಲೆಕ್ಟ್ರಿಷಿಯನ್ ಬಂದ ಮೇಲೆಯೇ ಮಾಡಿ.

ಬಿಸಿನೀರಿನ ನಲ್ಲಿಯನ್ನು ಬಿಟ್ಟು, ಬರುವ ನೀರು ತಣ್ಣಗಾಗುವವರೆಗೆ ಹರಿಸಿ. ಆಮೇಲೆ ಗೀಸರ್‌ಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಬಿಸಿನೀರಿನ ನಲ್ಲಿ ತೆರೆದೇ ಇರಲಿ. ಅದರ ಮೂಲಕ ಗಾಳಿ ಒಳಗೆ ಹೋಗದಿದ್ದರೆ ಕೆಳಗಿನಿಂದ ನೀರು ಇಳಿಯುವುದಿಲ್ಲ; ಹೀಗಾದಾಗ ಟ್ಯಾಂಕ್ ಖಾಲಿಯಾಯಿತೆಂದು ತಿಳಿದು ಮೋಸ ಹೋಗುವವರಿದ್ದಾರೆ. ಈಗ ತಣ್ಣೀರಿನ ದಾರಿಯಲ್ಲಿರುವ ಸೇಫ್ಟಿ ವಾಲ್ವ್‌ನ ಸಣ್ಣ ಹಿಡಿಕೆಯನ್ನು ಎತ್ತಿ, ಅದರ ಬಾಯಿಗೆ ಪೈಪ್ ತೊಡಿಸಿ ಬಕೆಟ್‌ಗೆ ಬಿಡಿ. ನಿಧಾನವಾಗಿ ಇಳಿಯುತ್ತದೆ, ತಾಳ್ಮೆ ಬೇಕು. ಬಕೆಟ್‌ನ ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ಏನು ಬರುತ್ತಿದೆ ಎಂದು ಗೊತ್ತಾಗುತ್ತದೆ.

ಪೂರ್ತಿ ಇಳಿದ ಮೇಲೆ ಹಿಡಿಕೆ ಇಳಿಸಿ, ತಣ್ಣೀರಿನ ವಾಲ್ವ್ ತೆರೆದು ಅರ್ಧ ಟ್ಯಾಂಕ್ ತುಂಬಿಸಿ, ಮತ್ತೆ ಮುಚ್ಚಿ, ಮತ್ತೆ ಇಳಿಸಿ. ಇದನ್ನು ಮೂರು ಸಲ ಮಾಡಿ. ಬಟ್ಟೆಯಲ್ಲಿ ನುಣುಪಾದ ಬಿಳಿ ಕೆಸರು ಮಾತ್ರ ಬಂದು, ಮೂರನೆಯ ಸಲ ನೀರು ತಿಳಿಯಾದರೆ ಸದ್ಯಕ್ಕೆ ಇಷ್ಟೇ ಸಾಕು. ಗೋದಿ ನುಚ್ಚಿನಷ್ಟು ದಪ್ಪದ ಚೂರುಗಳು ಬಂದರೆ ಕಾಯಿಲ್ ಮೇಲೆ ಗಟ್ಟಿ ಪದರವಿದೆ ಎಂದರ್ಥ. ವಾಲ್ವ್‌ನ ಸಣ್ಣ ತೂತಿನಿಂದ ದೊಡ್ಡ ಚೂರು ಹೊರಗೆ ಬರುವುದಿಲ್ಲ. ಅದಕ್ಕೆ ಟ್ಯಾಂಕ್ ಬಿಚ್ಚಲೇಬೇಕು.

ಸೇಫ್ಟಿ ವಾಲ್ವ್‌ಗೆ ಹಿಡಿಕೆಯೇ ಇಲ್ಲದಿದ್ದರೆ ತಣ್ಣೀರಿನ ಪೈಪನ್ನು ಬಿಚ್ಚಬೇಕಾಗುತ್ತದೆ. ಬಳುಕುವ ಪೈಪಾದರೆ ಪಾನಾ ಹಿಡಿಯಲು ಬರುವವರು ಬಿಚ್ಚಬಹುದು. ತುಕ್ಕು ಹಿಡಿದ ಕಬ್ಬಿಣದ ಪೈಪಾದರೆ ಬಲ ಹಾಕಬೇಡಿ, ಟ್ಯಾಂಕ್‌ನ ಮೂತಿಯೇ ತಿರುಚಿ ಮುರಿಯುತ್ತದೆ.

ಟ್ಯಾಂಕ್ ಒಳಗೇ ಆ್ಯಸಿಡ್ ಸುರಿದರೆ ಆಗದೇ ಎಂದು ಅಕ್ಕ ಕೇಳಿದ್ದಳು. ಆಗದು. ಟ್ಯಾಂಕ್ ತುಕ್ಕು ಹಿಡಿಯದಿರಲೆಂದು ಒಳಗೆ ಮೆಗ್ನೀಸಿಯಂನ ಒಂದು ಕಡ್ಡಿ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಆ್ಯನೋಡ್ ರಾಡ್ ಎನ್ನುತ್ತಾರೆ. ಆ್ಯಸಿಡ್ ಸುಣ್ಣದ ಜೊತೆಗೆ ಆ ಕಡ್ಡಿಯನ್ನೂ ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ.

ಮೆಕ್ಯಾನಿಕ್‌ನ ಕೆಲಸ: ಕಾಯಿಲ್ ಹೊರತೆಗೆಯುವುದು

ವಾರಂಟಿ ಚೀಟಿಯನ್ನು ಮೊದಲು ನೋಡಿ. ಟ್ಯಾಂಕ್‌ಗೆ ಇನ್ನೂ ವಾರಂಟಿ ಇದ್ದರೆ ಕಂಪನಿಯವರಿಂದಲೇ ಬಿಚ್ಚಿಸುವುದು ಲೇಸು. ಹೊರಗಿನವರು ಬಿಚ್ಚಿದ್ದಾರೆಂದು ಮುಂದೆ ತಕರಾರು ಬರಬಹುದು. ನಮ್ಮದಕ್ಕೆ ಅವಧಿ ಮುಗಿದಿತ್ತು, ಹಾಗಾಗಿ ಪರಿಚಯದ ಮೆಕ್ಯಾನಿಕ್‌ನನ್ನು ಕರೆದೆ.

ಅವರು ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಮುಚ್ಚಳ ಬಿಚ್ಚಿ, ವೈರುಗಳ ಫೋಟೊ ತೆಗೆದುಕೊಂಡು, ಒಂದೊಂದಾಗಿ ಕಳಚಿದರು. ಕಾಯಿಲ್ ಕೂರಿಸಿದ ತಟ್ಟೆಯ ಬೋಲ್ಟ್ ಸಡಿಲಿಸುವಾಗ ಕೆಳಗೆ ಬಕೆಟ್ ಹಿಡಿದಿದ್ದೆ. ಎಷ್ಟೇ ಖಾಲಿ ಮಾಡಿದ್ದರೂ ತಳದಲ್ಲಿ ಲೀಟರ್‌ನಷ್ಟು ನೀರು ಉಳಿದಿರುತ್ತದೆ. ತಟ್ಟೆ ಇಳಿದಾಗ ನೀರಿನೊಂದಿಗೆ ಸುಣ್ಣದ ಚೂರುಗಳು ದಬದಬನೆ ಬಿದ್ದವು. ಮೆಕ್ಯಾನಿಕ್ ಕೈ ಹಾಕಿ ಉಳಿದದ್ದನ್ನೂ ಬಾಚಿ ತೆಗೆದರು. ನೀರು ಬಸಿದು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಒಂದು ಕಿಲೋಗೆ ಸ್ವಲ್ಪ ಕಡಿಮೆ. ಕಾಯಿಲ್ ಮೇಲೆ ಎರಡು ಮಿಲಿಮೀಟರ್ ದಪ್ಪದ ಪದರ, ಥರ್ಮೋಸ್ಟಾಟ್ ನಳಿಗೆಗೆ ಅಂಟಿಕೊಂಡು ಒಂದೇ ಗಡ್ಡೆ.

ಇಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಅವಸರದಲ್ಲಿರುವ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಕಾಯಿಲ್ ಮೇಲೆ ಕುಟ್ಟಿ ಸುಣ್ಣ ಉದುರಿಸುತ್ತಾನೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಆದರೆ ಕಾಯಿಲ್‌ನ ತಗಡು ತೆಳುವಾದದ್ದು. ಒಂದು ಗೀರು ಆಳವಾಗಿ ಬಿದ್ದರೂ ಅದೇ ಜಾಗದಿಂದ ಸವೆತ ಶುರುವಾಗುತ್ತದೆ. ನಾನು ಅವರನ್ನು ಕೇಳಿಕೊಂಡೆ: "ಕಾಯಿಲ್ ನನ್ನ ಹತ್ತಿರ ಬಿಟ್ಟು ಹೋಗಿ, ನೆನೆಹಾಕಿ ಸುಣ್ಣ ತೆಗೆದಿರುತ್ತೇನೆ. ಮಧ್ಯಾಹ್ನ ಬಂದು ಕೂರಿಸಿಕೊಡಿ." ಅವರಿಗೂ ಹತ್ತಿರದಲ್ಲೇ ಇನ್ನೊಂದು ಮನೆಯ ಕೆಲಸವಿತ್ತು, ಒಪ್ಪಿದರು. "ಆ್ಯನೋಡ್ ಕಡ್ಡಿಯನ್ನು ಬಿಚ್ಚಿ ಕೊಡುತ್ತೇನೆ ಸರ್, ಅದನ್ನು ಹುಳಿಯಲ್ಲಿ ಮುಳುಗಿಸಬೇಡಿ" ಎಂದು ಅವರೇ ನೆನಪಿಸಿದರು. ನಿಮ್ಮ ಮೆಕ್ಯಾನಿಕ್ ಮರೆತರೆ ನೀವು ಕೇಳಿ.

ಮತ್ತೆ ನಿಮ್ಮ ಕೈಯ ಕೆಲಸ: ಹುಳಿಯಲ್ಲಿ ನೆನೆಹಾಕುವುದು

ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲದ ಹರಳು ಇದಕ್ಕೆ ಸರಿಯಾದ ವಸ್ತು. 100 ಗ್ರಾಂ ನಿಂಬೆ ಉಪ್ಪು ಸುಮಾರು 70 ಗ್ರಾಂ ಸುಣ್ಣವನ್ನು ತಿನ್ನಬಲ್ಲದು. ನಮ್ಮ ಕಾಯಿಲ್ ಮೇಲೆ ಎಂಬತ್ತು ಗ್ರಾಂನಷ್ಟು ಸುಣ್ಣವಿರಬಹುದೆಂದು ಅಂದಾಜು ಮಾಡಿ, ಎರಡು ಲೀಟರ್ ಉಗುರುಬೆಚ್ಚನೆಯ ನೀರಿಗೆ 120 ಗ್ರಾಂ ಹಾಕಿದೆ. ಕುದಿಯುವ ನೀರು ಬೇಡ. ಸುಣ್ಣ ಮತ್ತು ನಿಂಬೆ ಉಪ್ಪು ಸೇರಿ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ. ದ್ರಾವಣ ತುಂಬ ಬಿಸಿಯಾಗಿದ್ದರೆ ಅದು ಬಿಳಿ ಲೇಪವಾಗಿ ಕಾಯಿಲ್ ಮೇಲೆಯೇ ಕೂತು, ಒಳಗಿನ ಸುಣ್ಣಕ್ಕೆ ಹುಳಿ ತಾಗದಂತೆ ತಡೆಯುತ್ತದೆ.

ಪಾತ್ರೆ ಪ್ಲಾಸ್ಟಿಕ್‌ನದಾಗಿರಲಿ, ಎತ್ತರವಾಗಿರಲಿ. ಅಲ್ಯೂಮಿನಿಯಂ ಪಾತ್ರೆ ಬೇಡ. ಕಡಪಾ ಕಲ್ಲಿನ ಕಟ್ಟೆಯ ಮೇಲೂ ಇಡಬೇಡಿ. ಕಡಪಾ ಎಂದರೆ ಸುಣ್ಣದ ಕಲ್ಲೇ, ಹುಳಿ ಬಿದ್ದಲ್ಲಿ ಕಲೆಯಾಗಿ ಉಳಿಯುತ್ತದೆ. ಕೈಗೆ ರಬ್ಬರ್ ಗವಸು ಹಾಕಿಕೊಳ್ಳಿ.

ಕಾಯಿಲ್‌ನ ಬಾಗಿದ ಭಾಗ ಮಾತ್ರ ಮುಳುಗಬೇಕು. ವೈರ್ ಸಿಕ್ಕಿಸುವ ಮೇಲ್ತುದಿ, ತಟ್ಟೆಯ ಆಚೆ ಬದಿ ಒಂದು ಹನಿಯೂ ತಾಗದಂತೆ ಒಣಗಿರಬೇಕು. ಕಾಯಿಲ್‌ನ ಕೊಳವೆಯೊಳಗೆ ತಂತಿಯ ಸುತ್ತ ತುಂಬಿರುವ ಬಿಳಿಪುಡಿ ತೇವವನ್ನು ಹೀರಿಕೊಂಡರೆ ವಿದ್ಯುತ್ ಕಾಯಿಲ್‌ನ ಮೈಗೆ ಸೋರುತ್ತದೆ. ಪಾತ್ರೆಯ ಬಾಯಿಗೆ ಅಡ್ಡಲಾಗಿ ಎರಡು ಮರದ ಕಡ್ಡಿ ಇಟ್ಟು, ತಟ್ಟೆಯನ್ನು ಅದರ ಮೇಲೆ ಕೂರಿಸಿದರೆ ಚಿಂತೆಯಿಲ್ಲ.

ಮುಳುಗಿಸಿದ ಕ್ಷಣದಿಂದ ಗುಳ್ಳೆಗಳು ಏಳುತ್ತವೆ. ಅದು ಇಂಗಾಲದ ಡೈಆಕ್ಸೈಡ್, ಕೆಲಸ ನಡೆಯುತ್ತಿದೆ ಎಂಬ ಗುರುತು. ಅರ್ಧ ಗಂಟೆಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಸಡಿಲವಾದ ಚಕ್ಕೆಯನ್ನು ಮರದ ಕಡ್ಡಿಯಿಂದ ತಳ್ಳಿ, ಕಬ್ಬಿಣದಿಂದ ಕೆರೆಯಬೇಡಿ. ನಮ್ಮದು ಎರಡೂವರೆ ಗಂಟೆಯಲ್ಲಿ ತಿಳಿಯಾಯಿತು. ಗುಳ್ಳೆ ನಿಂತರೂ ಸುಣ್ಣ ಉಳಿದಿದ್ದರೆ ಹುಳಿ ತೀರಿದೆ. ದ್ರಾವಣ ಚೆಲ್ಲಿ ಹೊಸದಾಗಿ ಕಲಸಿ. ಹೊಸ ದ್ರಾವಣದಲ್ಲೂ ಗುಳ್ಳೆ ಏಳದೆ ಬೂದುಬಣ್ಣದ ಗಟ್ಟಿ ಪದರ ಹಾಗೇ ಕೂತಿದ್ದರೆ ಅದು ಸಲ್ಫೇಟ್ ಅಥವಾ ಸಿಲಿಕೇಟ್ ಇರಬಹುದು. ನಿಂಬೆ ಉಪ್ಪಿಗೆ ಅದು ಬಗ್ಗುವುದಿಲ್ಲ, ಕಾಯಿಲ್ ಬದಲಿಸುವುದೇ ದಾರಿ. ಎಷ್ಟೇ ಆದರೂ ರಾತ್ರಿಯಿಡೀ ನೆನೆಯಲು ಬಿಡಬೇಡಿ, ಸುಣ್ಣ ಮುಗಿದ ಮೇಲೆ ಹುಳಿ ಲೋಹದ ಲೇಪಕ್ಕೆ ಕೈ ಹಾಕುತ್ತದೆ.

ನಿಂಬೆ ಉಪ್ಪು ಸಿಗದಿದ್ದರೆ ವಿನೆಗರ್ ಆಗುತ್ತದೆ, ನಿಧಾನ ಮತ್ತು ವಾಸನೆ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಮುಟ್ಟಬೇಡಿ. ಅದು ಎರಡೇ ನಿಮಿಷದಲ್ಲಿ ಸುಣ್ಣವನ್ನು ತೆಗೆಯುತ್ತದೆ, ಅದರ ಹಿಂದೆಯೇ ಕಾಯಿಲ್‌ನ ಲೋಹದಲ್ಲಿ ಸೂಜಿಮೊನೆಯಂಥ ಕುಳಿಗಳನ್ನು ಕೊರೆಯುತ್ತದೆ. ಬಚ್ಚಲಲ್ಲಿ ಬ್ಲೀಚಿಂಗ್ ಪೌಡರ್ ಬಿದ್ದಿದ್ದು ಅದರೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಉಸಿರಿಗೇ ಅಪಾಯ.

ಸುಣ್ಣ ಹೋದ ಮೇಲೆ ಎರಡು ಸಲ ತಿಳಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ ಹಿಡಿದು ನೋಡಿ. ಕಪ್ಪು ಸುಟ್ಟ ಮಚ್ಚೆ, ಉಬ್ಬು, ಬಿರುಕು, ಸಣ್ಣ ಕುಳಿ, ಒಂದೇ ಜಾಗದಲ್ಲಿ ಹಸಿರು ಕಿಲುಬು, ಇವುಗಳಲ್ಲಿ ಯಾವುದು ಕಂಡರೂ ಆ ಕಾಯಿಲ್ ಮತ್ತೆ ಹಾಕಬಾರದು. ಬಣ್ಣ ಮಾಸಿದ್ದರೆ ಪರವಾಗಿಲ್ಲ.

ಸ್ನಾನದ ಬಕೆಟ್‌ಗೆ ಹಾಕುವ ಇಮ್ಮರ್ಷನ್ ರಾಡ್‌ಗೂ ಇದೇ ದ್ರಾವಣ, ಇದೇ ಹೊತ್ತು. ಅದಕ್ಕೆ ಮೆಕ್ಯಾನಿಕ್ ಬೇಡ. ಪ್ಲಗ್ ಕಿತ್ತು, ರಾಡ್ ಮೇಲಿನ ನೀರಿನ ಗೆರೆಯವರೆಗೆ ಮಾತ್ರ ಮುಳುಗಿಸಿ. ಮೂರು ಲೀಟರ್‌ನ ಇನ್‌ಸ್ಟಂಟ್ ಗೀಸರ್‌ಗಳನ್ನು ಮಾತ್ರ ಮನೆಯಲ್ಲಿ ಬಿಚ್ಚಲು ಹೋಗಬೇಡಿ.

ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದದ್ದು

ಮಧ್ಯಾಹ್ನ ಒಂದೂವರೆಗೆ ಮೆಕ್ಯಾನಿಕ್ ಮರಳಿ ಬಂದರು. ಈ ಹಂತದಲ್ಲಿ ಕೈ ಹಾಕಬೇಡಿ, ಆದರೆ ಕಣ್ಣಿಟ್ಟಿರಿ. ಮೊದಲನೆಯದು, ಕಾಯಿಲ್ ಪರೀಕ್ಷೆ. 2000 ವ್ಯಾಟ್ ಕಾಯಿಲ್‌ನ ಎರಡು ತುದಿಗಳ ನಡುವೆ ಮಲ್ಟಿಮೀಟರ್ 26 ಓಮ್ ಆಸುಪಾಸು ತೋರಿಸಬೇಕು. ಅದು ತಂತಿ ತುಂಡಾಗಿಲ್ಲ ಎಂದಷ್ಟೇ ಹೇಳುತ್ತದೆ. ಮೈಗೆ ವಿದ್ಯುತ್ ಸೋರುತ್ತಿದೆಯೇ ಎಂದು ತಿಳಿಯಲು 500 ವೋಲ್ಟ್‌ನ ಮೆಗ್ಗರ್ ಬೇಕು, ಮೆಗಾಓಮ್‌ಗಳ ಲೆಕ್ಕದಲ್ಲಿ ಉತ್ತರ ಬರಬೇಕು. ಮೆಗ್ಗರ್ ಇಲ್ಲದ ಮೆಕ್ಯಾನಿಕ್ ಆದರೆ ಅದನ್ನು ತರುವವರನ್ನು ಕರೆಸಿ. ಮನೆಯಲ್ಲಿ ಬೇರಾರೂ ಮಾಡಲಾಗದ ಕೆಲಸ ಇದೊಂದೇ, ಹಣ ಕೊಡುವುದೂ ಇದಕ್ಕಾಗಿಯೇ.

ಎರಡನೆಯದು, ತಟ್ಟೆಯ ರಬ್ಬರ್ ಗ್ಯಾಸ್ಕೆಟ್. ಹಳೆಯದು ಗಟ್ಟಿಯಾಗಿ ತನ್ನ ಆಕಾರಕ್ಕೆ ಒಗ್ಗಿರುತ್ತದೆ, ಮತ್ತೆ ಕೂರಿಸಿದರೆ ಸೋರುತ್ತದೆ. ಸೋರಿದ ನೀರು ನೇರವಾಗಿ ವೈರಿನ ತುದಿಗಳ ಮೇಲೆ ಬೀಳುತ್ತದೆ. ಹೊಸದನ್ನೇ ಹಾಕಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಸಿದರೆ ತಟ್ಟೆ ಸಮನಾಗಿ ಕೂರುತ್ತದೆ. ಆ್ಯನೋಡ್ ಕಡ್ಡಿ ನಮ್ಮದು ತಂತಿಯಷ್ಟು ಸವೆದಿತ್ತು, ಅದನ್ನೂ ಬದಲಿಸಿದರು. ಅರ್ತಿಂಗ್ ವೈರ್ ತನ್ನ ತಿರುಪಿಗೆ ಬಿಗಿಯಾಗಿ ಸೇರಿದೆಯೇ ಎಂದು ಕೇಳಿ ನೋಡಿ.

ಮೂರನೆಯದು, ಕಾಯಿಲ್ ಉಳಿಸುವ ಹೆಜ್ಜೆ. ಟ್ಯಾಂಕ್ ಪೂರ್ತಿ ತುಂಬುವ ಮೊದಲು ಸ್ವಿಚ್ ಹಾಕಬಾರದು. ನೀರಿಲ್ಲದೆ ಕಾದ ಹೊಸ ಕಾಯಿಲ್ ಕೂಡ ನಿಮಿಷಗಳಲ್ಲಿ ಸುಡುತ್ತದೆ. ಬಿಸಿನೀರಿನ ನಲ್ಲಿ ತೆರೆದಿಟ್ಟು ತಣ್ಣೀರು ಬಿಡಿ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ನೀರು ಉಗುಳುತ್ತದೆ, ಕೊನೆಗೆ ಒಂದೇ ಸಮನೆ ಧಾರೆಯಾಗುತ್ತದೆ. ಧಾರೆಯಾದ ಮೇಲೂ ಒಂದು ನಿಮಿಷ ಬಿಟ್ಟು ನಲ್ಲಿ ಮುಚ್ಚಿ, ಮುಚ್ಚಳ ಹಾಕುವ ಮೊದಲು ಹತ್ತು ನಿಮಿಷ ಗ್ಯಾಸ್ಕೆಟ್ ಸುತ್ತ ಬಟ್ಟೆ ಒತ್ತಿ ತೇವ ಇದೆಯೇ ಎಂದು ನೋಡಿಸಿ. ಆಮೇಲೆಯೇ ಮುಚ್ಚಳ, ಪ್ಲಗ್, ಸ್ವಿಚ್.

ಸಂಜೆ ಮತ್ತೆ ಗಡಿಯಾರ ಹಿಡಿದು ನಿಂತೆ. ದೀಪ ಆರಿದ್ದು 19ನೆಯ ನಿಮಿಷಕ್ಕೆ, ಸದ್ದಿಲ್ಲ. ಥರ್ಮೋಸ್ಟಾಟ್ ಗುಂಡಿ ಕೊನೆಯ ಗುರುತಿನಲ್ಲಿತ್ತು. ನೀರು 60 ಡಿಗ್ರಿ ದಾಟಿದರೆ ಸುಣ್ಣ ಕಟ್ಟುವ ವೇಗವೂ ಏರುತ್ತದೆ, ಹಾಗಾಗಿ 55ರ ಸುಮಾರಿಗೆ ಇಳಿಸಿ ಇನ್ನೊಮ್ಮೆ ಅಳೆದು, ಬಂದ ನಿಮಿಷವನ್ನು ಮೆಕ್ಯಾನಿಕ್ ಬಂದ ದಿನಾಂಕದ ಪಕ್ಕದಲ್ಲಿ ಬಚ್ಚಲ ಬಾಗಿಲ ಹಿಂದೆ ಬರೆದು ಅಂಟಿಸಿದ್ದೇನೆ. ಆರು ತಿಂಗಳಿಗೊಮ್ಮೆ ವಾಲ್ವ್‌ನಿಂದ ಇಳಿಸಿ ತೊಳೆಯುತ್ತೇವೆ. ಮೊದಲ ಸಲ ಬಟ್ಟೆಯಲ್ಲಿ ಬಂದದ್ದು ಒಂದು ಚಮಚ ಬಿಳಿ ಕೆಸರು, ಚೂರು ಒಂದೂ ಇರಲಿಲ್ಲ.